ಶಿಕ್ಷಣ ಸಾಲದ ಬಡ್ಡಿ: ಎಂಟು ವರ್ಷದ ಲೆಕ್ಕ ಯಾರಿಗೆ, ಯಾವಾಗ ಶುರುವಾಗುತ್ತದೆ?

ಪ್ರಶ್ನೆ: 2020ರಲ್ಲಿ ಇಂಜಿನಿಯರಿಂಗ್ ಸೇರಿದಾಗ ಬ್ಯಾಂಕಿನಿಂದ 8 ಲಕ್ಷ ರೂಪಾಯಿ ಶಿಕ್ಷಣ ಸಾಲ ಪಡೆದೆ. ಪ್ರತಿ ಸೆಪ್ಟೆಂಬರ್‌ನಲ್ಲಿ 2 ಲಕ್ಷದಂತೆ ಬಿಡುಗಡೆಯಾಯಿತು. ಅಪ್ಪ ಹೈಸ್ಕೂಲ್ ಮೇಷ್ಟ್ರು, ಅವರೂ ಸಹ ಸಾಲಗಾರರು. 2025ರ ಜೂನ್‌ವರೆಗೆ ಅವರೇ ತಮ್ಮ ಸಂಬಳದ ಖಾತೆಯಿಂದ ತಿಂಗಳ ಬಡ್ಡಿ ಕಟ್ಟಿದರು. ಆದರೆ ತೆರಿಗೆ ಲೆಕ್ಕದಲ್ಲಿ ಯಾವತ್ತೂ ತೋರಿಸಲಿಲ್ಲ. 2024ರ ಆಗಸ್ಟ್‌ನಲ್ಲಿ ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. 2025ರ ಮಾರ್ಚ್‌ನ ಒಂದು ತಿಂಗಳ ಬಡ್ಡಿ ಮಾತ್ರ ನಾನು ಕಟ್ಟಿದ್ದೆ. ಜುಲೈ 2025ರಿಂದ ಇಎಂಐ ಪೂರ್ತಿ ನನ್ನ ಖಾತೆಯಿಂದಲೇ ಹೋಗುತ್ತಿದೆ. ಬಡ್ಡಿ ಶೇ. 10, ಅವಧಿ 10 ವರ್ಷ, ನನ್ನ ಸಂಬಳ ವರ್ಷಕ್ಕೆ 9.6 ಲಕ್ಷ. "ಎಂಟು ವರ್ಷದಲ್ಲಿ ಐದು ವರ್ಷ ಆಗಲೇ ಮುಗಿದುಹೋಯ್ತು" ಅಂತ ಸಹೋದ್ಯೋಗಿ ಹೆದರಿಸುತ್ತಿದ್ದಾರೆ. ಇನ್ನೊಬ್ಬರು "1.5 ಲಕ್ಷದ ಮಿತಿಯೊಳಗೇ ಬರುತ್ತದೆ" ಎನ್ನುತ್ತಾರೆ. ಈ ವರ್ಷದ ರಿಟರ್ನ್‌ನಲ್ಲಿ ನಾನು ಏನು ಮಾಡಬೇಕು?
— ದಾವಣಗೆರೆಯ ಓದುಗರು

ಉತ್ತರ: ಮೊದಲು 1.5 ಲಕ್ಷದ ಮಾತು ಮುಗಿಸಿಬಿಡೋಣ, ಅದು ಸುಲಭ. ಆ ಮಿತಿ ಸೆಕ್ಷನ್ 80ಸಿಗೆ ಸೇರಿದ್ದು. ಪಿಎಫ್, ಎಲ್‌ಐಸಿ, ಗೃಹಸಾಲದ ಅಸಲು ಅದರೊಳಗೆ ಬರುತ್ತವೆ. ಶಿಕ್ಷಣ ಸಾಲದ ಬಡ್ಡಿಗೆ ಬೇರೆಯದೇ ಸೆಕ್ಷನ್ ಇದೆ, 80ಇ. ಅದಕ್ಕೆ ಗರಿಷ್ಠ ಮಿತಿಯೇ ಇಲ್ಲ. ವರ್ಷದಲ್ಲಿ 60 ಸಾವಿರ ಬಡ್ಡಿ ಕಟ್ಟಿದರೆ 60 ಸಾವಿರ, 4 ಲಕ್ಷ ಕಟ್ಟಿದರೆ 4 ಲಕ್ಷ, ಪೂರ್ತಿ ಆದಾಯದಿಂದ ಕಳೆಯಬಹುದು. ಹಿಂದೆ ವರ್ಷಕ್ಕೆ 40 ಸಾವಿರದ ಮಿತಿ ಇತ್ತು, ಆಗ ಅಸಲೂ ಅದರಲ್ಲಿ ಸೇರುತ್ತಿತ್ತು. 2005ರ ಬಜೆಟ್ ಅದನ್ನು ಬದಲಿಸಿತು. ಮಿತಿ ಹೋಯಿತು, ಜೊತೆಗೆ ಅಸಲಿಗೆ ಸಿಗುತ್ತಿದ್ದ ಕಡಿತವೂ ಹೋಯಿತು. ಈಗ ಲೆಕ್ಕಕ್ಕೆ ಬರುವುದು ಬಡ್ಡಿ ಮಾತ್ರ.

ಇನ್ನು ಎಂಟು ವರ್ಷದ ವಿಷಯ. ನಿಮ್ಮ ಸಹೋದ್ಯೋಗಿ ಅರ್ಧ ಸರಿ ಹೇಳಿದ್ದಾರೆ. ಎಂಟು ವರ್ಷ ಎಂಬುದು ನಿಜ. ಆದರೆ ಆ ಎಂಟು ವರ್ಷ ಸಾಲಕ್ಕೆ ಅಂಟಿಕೊಂಡಿದೆ ಎಂದು ಅವರು ತಿಳಿದಿದ್ದಾರೆ. ಕಾಯ್ದೆಯಲ್ಲಿ ಇರುವುದು ಹೀಗೆ: ತೆರಿಗೆದಾರರು ಸಾಲದ ಮೇಲಿನ ಬಡ್ಡಿ ಕಟ್ಟಲು ಶುರುಮಾಡಿದ ವರ್ಷ ಮೊದಲ ವರ್ಷ, ಅದರ ನಂತರ ಸತತವಾಗಿ ಏಳು ವರ್ಷ, ಇಲ್ಲವೇ ಬಡ್ಡಿ ತೀರುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅದು. ಇಲ್ಲಿ ಎಣಿಕೆ ಶುರುವಾಗುವುದು "ತೆರಿಗೆದಾರರು ಕಟ್ಟಲು ಶುರುಮಾಡಿದ" ವರ್ಷದಿಂದ. ಸಾಲ ಮಂಜೂರಾದ ದಿನ ಲೆಕ್ಕಕ್ಕಿಲ್ಲ. ಓದು ಮುಗಿದ ದಿನವೂ ಲೆಕ್ಕಕ್ಕಿಲ್ಲ.

ಹಾಗಾಗಿ ನಿಮ್ಮ ಮನೆಯಲ್ಲಿ ಎರಡು ಗಡಿಯಾರ ಓಡುತ್ತಿವೆ. ನಿಮ್ಮ ತಂದೆಯವರದು 2020-21ರಲ್ಲಿ ಶುರುವಾಯಿತು, 2027-28ಕ್ಕೆ ನಿಲ್ಲುತ್ತದೆ. ಅವರು ಕಡಿತ ಕೇಳದಿದ್ದರೂ ಅದು ಓಡುತ್ತಲೇ ಇತ್ತು. ಕಟ್ಟಿದ್ದು ಮುಖ್ಯ, ಕೇಳಿದ್ದಲ್ಲ. ಅವರಿಗೆ ಉಳಿದಿರುವುದು, ಈಗ ರಿಟರ್ನ್ ಹಾಕಬೇಕಿರುವ 2025-26 ಸೇರಿ, ಮೂರು ವರ್ಷ. ಹಳೇ ವರ್ಷಗಳಲ್ಲಿ ಬಿಟ್ಟದ್ದನ್ನು ಈಗ ಪಡೆಯಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಪ್‌ಡೇಟೆಡ್ ರಿಟರ್ನ್ ಎಂಬ ಸೌಲಭ್ಯ ಇರುವುದು ತೆರಿಗೆ ಜಾಸ್ತಿ ಕಟ್ಟುವವರಿಗೆ. ತೆರಿಗೆ ಕಡಿಮೆ ಮಾಡಿಕೊಳ್ಳಲು ಅಥವಾ ರಿಫಂಡ್ ಕೇಳಲು ಅದು ಬರುವುದಿಲ್ಲ.

ನಿಮ್ಮ ಗಡಿಯಾರ ನೀವು ಮೊದಲ ಸಲ ಬಡ್ಡಿ ಕಟ್ಟಿದಾಗ ಶುರು. ಜುಲೈ 2025ರಲ್ಲಿ ಶುರುವಾಗಿದ್ದರೆ ನಿಮಗೆ 2025-26ರಿಂದ 2032-33ರವರೆಗೆ ಎಂಟು ವರ್ಷ ಸಿಗುತ್ತಿತ್ತು. ಆದರೆ ಆ ಮಾರ್ಚ್ ತಿಂಗಳ ಬಡ್ಡಿ ಇದೆಯಲ್ಲ, ಸುಮಾರು 6,667 ರೂಪಾಯಿ, ಅದು ಕೆಲಸ ಕೆಡಿಸಿತು. ಮಾರ್ಚ್ 2025 ಸೇರುವುದು 2024-25ರ ಲೆಕ್ಕಕ್ಕೆ. ಹಾಗಾಗಿ ನಿಮ್ಮ ಮೊದಲ ವರ್ಷ 2024-25, ಕೊನೆಯ ವರ್ಷ 2031-32. ಒಂದೇ ತಿಂಗಳ ಬಡ್ಡಿ ಕಟ್ಟಿದರೂ ಒಂದಿಡೀ ವರ್ಷ ಬಳಸಿದಂತೆ.

ಇದರಿಂದ ಎಷ್ಟು ನಷ್ಟ? ಗಾಬರಿಯಾಗುವ ಮುಂಚೆ ನಿಮ್ಮ ಸಾಲವನ್ನು ಒಮ್ಮೆ ಬಿಚ್ಚಿ ನೋಡೋಣ. ನಿಮ್ಮ ತಂದೆ ಬಡ್ಡಿ ಕಟ್ಟುತ್ತಾ ಬಂದದ್ದರಿಂದ ಇಎಂಐ ಶುರುವಾದಾಗ ಅಸಲು 8 ಲಕ್ಷವೇ ಇತ್ತು. ಶೇ. 10ರಲ್ಲಿ 120 ಕಂತಿಗೆ ತಿಂಗಳಿಗೆ ಸುಮಾರು 10,572 ರೂಪಾಯಿ ಬರುತ್ತದೆ. 2025-26ರಲ್ಲಿ ಜುಲೈನಿಂದ ಮಾರ್ಚ್‌ವರೆಗಿನ ಒಂಬತ್ತು ಕಂತಿನಲ್ಲಿ ನೀವು ಕಟ್ಟಿದ್ದು 95 ಸಾವಿರ. ಅದರಲ್ಲಿ ಬಡ್ಡಿ 58,800, ಉಳಿದದ್ದು ಅಸಲು. ಮುಂದಿನ ವರ್ಷ ಬಡ್ಡಿ 74 ಸಾವಿರ. ಆಮೇಲೆ ಅದು ಇಳಿಯುತ್ತಾ ಹೋಗುತ್ತದೆ: 68 ಸಾವಿರ, 62 ಸಾವಿರ, 56 ಸಾವಿರ, ಹೀಗೆ. 2032-33ರ ಹೊತ್ತಿಗೆ ವರ್ಷದ ಬಡ್ಡಿ 31 ಸಾವಿರಕ್ಕೆ ಬಂದಿರುತ್ತದೆ.

ಹತ್ತು ವರ್ಷದಲ್ಲಿ ನೀವು ಕಟ್ಟುವ ಒಟ್ಟು ಬಡ್ಡಿ 4.69 ಲಕ್ಷ. ಜುಲೈ 2025ರಿಂದ ಎಣಿಸಿದ್ದರೆ ಅದರಲ್ಲಿ 4.38 ಲಕ್ಷ ಎಂಟು ವರ್ಷದೊಳಗೇ ಬರುತ್ತಿತ್ತು, ಹೊರಗೆ ಉಳಿಯುತ್ತಿದ್ದದ್ದು 31 ಸಾವಿರ ಮಾತ್ರ. ಇಎಂಐನ ಸ್ವಭಾವವೇ ಹಾಗೆ. ಬಾಕಿ ದೊಡ್ಡದಿರುವ ಮೊದಲ ವರ್ಷಗಳಲ್ಲಿ ಬಡ್ಡಿ ಜಾಸ್ತಿ, ಕೊನೆಯ ವರ್ಷಗಳಲ್ಲಿ ಬಹುಪಾಲು ಅಸಲು. ಎಂಟು ವರ್ಷದ ಮಿತಿ ಹತ್ತು ವರ್ಷದ ಸಾಲವನ್ನು ಅಷ್ಟೇನೂ ಕಚ್ಚುವುದಿಲ್ಲ. ಹದಿನೈದು ವರ್ಷದ ಸಾಲವಾಗಿದ್ದರೆ ಮಾತು ಬೇರೆ.

ಮಾರ್ಚ್‌ನ ಆ ಒಂದು ಕಂತಿನಿಂದ ನಿಮ್ಮ ಕೈತಪ್ಪಿದ್ದು 2032-33ರ 31 ಸಾವಿರ ಬಡ್ಡಿಯ ಕಡಿತ. ಆಗ ನೀವು ಶೇ. 30ರ ಸ್ಲ್ಯಾಬ್‌ನಲ್ಲಿದ್ದರೂ ಸೆಸ್ ಸೇರಿ 9,600 ರೂಪಾಯಿಯಷ್ಟು ತೆರಿಗೆ. ಅದೂ ಏಳು ವರ್ಷದ ನಂತರ. ನಿದ್ದೆಗೆಡುವಂಥದ್ದಲ್ಲ, ಅಲ್ವಾ? ಆದರೆ ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಮೊದಲ ಸಂಬಳದ ಹುಮ್ಮಸ್ಸಿನಲ್ಲಿ ಒಂದು ತಿಂಗಳ ಬಡ್ಡಿ ಕಟ್ಟುವ ಬದಲು ಏಪ್ರಿಲ್‌ವರೆಗೆ ತಡೆಯಬಹುದಾದರೆ ತಡೆಯಿರಿ. ಆ ತಿಂಗಳನ್ನು ಅಪ್ಪ ಅಮ್ಮನೇ ಕಟ್ಟಿದರೆ ಮುಗಿಯಿತು.

ಇದನ್ನೇ ಜಾಸ್ತಿ ಎಳೆದು, "ಹಾಗಾದರೆ ಓದುವಾಗ ಬಡ್ಡಿಯನ್ನೇ ಕಟ್ಟದಿದ್ದರೆ ಗಡಿಯಾರ ಶುರುವಾಗುವುದಿಲ್ಲ, ಒಳ್ಳೆಯದಲ್ಲವೇ" ಎಂದು ಕೇಳುವವರಿದ್ದಾರೆ. ಬೇಡ. ನಿಮ್ಮದೇ ಸಾಲ ನೋಡಿ. ನಿಮ್ಮ ತಂದೆ ಕಟ್ಟದೇ ಇದ್ದಿದ್ದರೆ 2025ರ ಜೂನ್ ಹೊತ್ತಿಗೆ 2.67 ಲಕ್ಷದಷ್ಟು ಬಡ್ಡಿ ಬೆಳೆದು ಅಸಲಿಗೆ ಸೇರುತ್ತಿತ್ತು. ಇಎಂಐ 14,100ರ ಹತ್ತಿರ ಹೋಗುತ್ತಿತ್ತು. ಒಟ್ಟು ಲೆಕ್ಕ ಹಾಕಿದರೆ, ಅವರು ಕಟ್ಟಿದ ಬಡ್ಡಿಯನ್ನೂ ಸೇರಿಸಿ ಹೋಲಿಸಿದರೂ, ನಿಮ್ಮ ಮನೆಯಿಂದ 1.56 ಲಕ್ಷ ಹೆಚ್ಚು ಹೋಗುತ್ತಿತ್ತು. ಇದರ ಮೇಲೆ, ಓದುವಾಗ ಬಡ್ಡಿ ಕಟ್ಟಿದವರಿಗೆ ಹಲವು ಬ್ಯಾಂಕ್‌ಗಳು ಬಡ್ಡಿದರದಲ್ಲಿ ಶೇ. 1ರಷ್ಟು ರಿಯಾಯಿತಿ ಕೊಡುತ್ತವೆ. ನಿಮಗೆ ಅದು ಸಿಕ್ಕಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ನೋಡಿ. ಮೇಷ್ಟ್ರು ಮಾಡಿದ ಲೆಕ್ಕ ಸರಿಯಾಗಿಯೇ ಇದೆ.

ಕಟ್ಟದೆ ಬಿಟ್ಟ ಬಡ್ಡಿಗೆ ಇನ್ನೊಂದು ತೊಂದರೆಯೂ ಇದೆ. ಕಾಯ್ದೆ ಕೇಳುವುದು "ಕಟ್ಟಿದ" ಬಡ್ಡಿಯನ್ನು. ಬ್ಯಾಂಕು ತನ್ನ ಪುಸ್ತಕದಲ್ಲಿ ಬಡ್ಡಿ ಎಂದು ಖರ್ಚು ಹಾಕಿದ ಮಾತ್ರಕ್ಕೆ ಅದು ನೀವು ಕಟ್ಟಿದ್ದಾಗುವುದಿಲ್ಲ. ಬಡ್ಡಿ ಒಮ್ಮೆ ಅಸಲಿಗೆ ಸೇರಿದ ಮೇಲೆ ಬ್ಯಾಂಕಿನ ಲೆಕ್ಕದಲ್ಲಿ ಅದರ ಹೆಸರು ಅಸಲು. ಮುಂದೆ ಇಎಂಐನಲ್ಲಿ ನೀವು ಅದನ್ನು ತೀರಿಸಿದರೂ ಬಡ್ಡಿ ಪ್ರಮಾಣಪತ್ರದಲ್ಲಿ ಅದು ಬಡ್ಡಿಯಾಗಿ ಕಾಣದೇ ಇರಬಹುದು. ಇಂಥ ಸಾಲ ಇರುವವರು ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅದರಲ್ಲಿ ಇರುವುದು "ಖರ್ಚು ಹಾಕಿದ ಬಡ್ಡಿ"ಯೋ "ಪಾವತಿಯಾದ ಬಡ್ಡಿ"ಯೋ ನೋಡಬೇಕು. ನನ್ನ ಬಳಿ ಬರುವ ಕಾಗದಗಳಲ್ಲಿ ಎರಡೂ ಥರದವು ಇರುತ್ತವೆ. ಪರೀಕ್ಷಿಸುವುದು ಸುಲಭ. ಸಾಲದ ಖಾತೆಯ ಸ್ಟೇಟ್‌ಮೆಂಟ್‌ನಲ್ಲಿ ಆ ವರ್ಷ ನೀವು ತುಂಬಿದ ಒಟ್ಟು ಹಣ ಎಷ್ಟಿದೆ ನೋಡಿ. ಪ್ರಮಾಣಪತ್ರದ ಬಡ್ಡಿ ಅದಕ್ಕಿಂತ ಜಾಸ್ತಿ ಇದ್ದರೆ ಅಲ್ಲೇನೋ ತಪ್ಪಿದೆ.

ಈಗ, ಯಾರ ಜೇಬಿನಿಂದ ಹೋಯಿತು ಎಂಬ ಪ್ರಶ್ನೆಗೆ ಬರೋಣ. ನಾನು ಅತಿ ಹೆಚ್ಚು ಗೊಂದಲ ನೋಡಿರುವುದು ಇಲ್ಲೇ. ಕಡಿತ ಸಿಗಬೇಕಾದರೆ ಮೂರು ಸಂಗತಿ ಒಬ್ಬರಲ್ಲೇ ಕೂಡಬೇಕು. ಸಾಲ ಪಡೆದವರಲ್ಲಿ ಅವರ ಹೆಸರಿರಬೇಕು, ಬಡ್ಡಿ ಅವರೇ ಕಟ್ಟಿರಬೇಕು, ಕಟ್ಟಿದ ಹಣ ಅವರ ತೆರಿಗೆಗೆ ಒಳಪಡುವ ಆದಾಯದಿಂದ ಬಂದಿರಬೇಕು. ನಿಮ್ಮ ತಂದೆ ಸಹ ಸಾಲಗಾರರು, ಅವರ ಸಂಬಳದ ಖಾತೆಯಿಂದ ನೇರವಾಗಿ ಸಾಲದ ಖಾತೆಗೆ ಹಣ ಹೋಗಿದೆ. ಆದ್ದರಿಂದ ಆ ವರ್ಷಗಳ ಬಡ್ಡಿ ಅವರದು, ಗಡಿಯಾರವೂ ಅವರದು. ನಿಮ್ಮದನ್ನು ನೀವು ಶುರುಮಾಡಿದಾಗಿನಿಂದ ಎಣಿಸಲು ಇದೇ ಆಧಾರ.

ಆದರೆ ಎಲ್ಲರ ಮನೆಯಲ್ಲೂ ಹೀಗಿರುವುದಿಲ್ಲ. ನನ್ನ ಕಚೇರಿಗೆ ಬಂದಿದ್ದ ಒಬ್ಬ ತಂದೆ ಪ್ರತಿ ತಿಂಗಳು ಮಗನ ಉಳಿತಾಯ ಖಾತೆಗೆ ಹಣ ಹಾಕುತ್ತಿದ್ದರು, ಬ್ಯಾಂಕು ಅಲ್ಲಿಂದ ಬಡ್ಡಿ ಎಳೆದುಕೊಳ್ಳುತ್ತಿತ್ತು. ಕಾಗದದ ಮೇಲೆ ಕಟ್ಟಿದ್ದು ಮಗ. ಆದರೆ ಅವನಿಗೆ ಆಗ ಆದಾಯವೇ ಇರಲಿಲ್ಲ, ಹಾಗಾಗಿ ಅವನಿಗೆ ಕಡಿತದ ಮಾತಿಲ್ಲ. ತಂದೆ ಕೇಳಿದರೆ "ನಿಮ್ಮ ಖಾತೆಯಿಂದ ಹೋಗಿಲ್ಲವಲ್ಲ" ಎಂಬ ಪ್ರಶ್ನೆ. ಸಾಲದ್ದಕ್ಕೆ, ಮಗನ ಗಡಿಯಾರ ಆಗಲೇ ಶುರುವಾಗಿತ್ತು ಎಂದು ವಾದಿಸಲೂ ಅವಕಾಶ. ಪ್ರತಿ ತಿಂಗಳ ವರ್ಗಾವಣೆಯ ಜೋಡಿ ತೋರಿಸಿ ತಂದೆಯ ಹಣವೇ ಎಂದು ಸಾಬೀತು ಮಾಡಬೇಕಾಯಿತು. ಸುಮ್ನೆ ಒಂದು ಆಟೋ ಡೆಬಿಟ್ ತಂದೆಯ ಖಾತೆಗೆ ಹಾಕಿದ್ದರೆ ಈ ಯಾವ ರಗಳೆಯೂ ಇರುತ್ತಿರಲಿಲ್ಲ.

ಇದರ ಪಕ್ಕದ ಸಂಗತಿ: ನಮ್ಮಲ್ಲಿ ಅಣ್ಣ ತಂಗಿಯ ಓದಿಗೆ ಸಾಲ ತೆಗೆಯುವುದು ಸಾಮಾನ್ಯ. 80ಇ ಅದನ್ನು ಒಪ್ಪುವುದಿಲ್ಲ. ತಾನು, ಗಂಡ ಅಥವಾ ಹೆಂಡತಿ, ಮಕ್ಕಳು, ಇಲ್ಲವೇ ತಾನು ಕಾನೂನುಬದ್ಧ ಪೋಷಕನಾಗಿರುವ ವಿದ್ಯಾರ್ಥಿ, ಇಷ್ಟು ಜನರ ಓದಿಗೆ ಮಾತ್ರ. ಸಾಲ ಕೊಟ್ಟವರೂ ಬ್ಯಾಂಕ್ ಆಗಿರಬೇಕು, ಕೇಂದ್ರ ಸರ್ಕಾರ ಅಧಿಸೂಚಿಸಿದ ಹಣಕಾಸು ಸಂಸ್ಥೆಯಾಗಿರಬೇಕು ಅಥವಾ ಮಾನ್ಯತೆ ಪಡೆದ ದತ್ತಿ ಸಂಸ್ಥೆಯಾಗಿರಬೇಕು. ಊರಿನ ಸೌಹಾರ್ದ ಸಹಕಾರಿಯಲ್ಲಿ ತೆಗೆದ ಸಾಲ, ಚಿಕ್ಕಪ್ಪನ ಹತ್ತಿರ ತಂದ ಸಾಲ ಇಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನಿಮ್ಮ ನಿಜವಾದ ಪ್ರಶ್ನೆ: ಈ ವರ್ಷ ಏನು ಮಾಡಬೇಕು? ಉತ್ತರ ಕೇಳಿ ನಿಮಗೆ ನಗು ಬರಬಹುದು. ಈ ವರ್ಷ ನಿಮಗೆ 80ಇ ಬೇಕಾಗಿಯೇ ಇಲ್ಲ.

ಈ ಕಡಿತ ಇರುವುದು ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಇಲ್ಲ. 2025-26ಕ್ಕೆ ಹೊಸ ಪದ್ಧತಿಯಲ್ಲಿ ನಿಮ್ಮ 9.6 ಲಕ್ಷದಿಂದ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 8.85 ಲಕ್ಷ. 12 ಲಕ್ಷದವರೆಗೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಹಳೆ ಪದ್ಧತಿಯಲ್ಲಿ 50 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿಯಲ್ಲಿ ಪೂರ್ತಿ 1.5 ಲಕ್ಷ, 80ಇಯಲ್ಲಿ 58,800 ಕಳೆದರೂ 7,01,200 ಉಳಿಯುತ್ತದೆ. ಅದರ ಮೇಲೆ ಸೆಸ್ ಸೇರಿ ಸುಮಾರು 54,850 ರೂಪಾಯಿ ತೆರಿಗೆ. ಕಡಿತ ಪಡೆಯುವ ಆಸೆಗೆ ಹಳೆ ಪದ್ಧತಿ ಆರಿಸಿದರೆ 55 ಸಾವಿರ ಕೈಯಿಂದ ಹೋಗುತ್ತದೆ. ಸಂಬಳ 12.75 ಲಕ್ಷ ದಾಟುವವರೆಗೆ ನಿಮ್ಮ ಮಟ್ಟಿಗೆ ಈ ಸೆಕ್ಷನ್ ನಿದ್ದೆ ಮಾಡುತ್ತಿರಲಿ. ನಿಮ್ಮ ತಂದೆಯವರ ಸಂಬಳವೂ ಆ ಮೊತ್ತದ ಒಳಗಿದ್ದರೆ ಅವರಿಗೂ ಅಷ್ಟೇ. ಹಾಗಾಗಿ ಇಎಂಐಯನ್ನು ಅವರ ಖಾತೆಗೆ ತಿರುಗಿಸುವ ಯೋಚನೆ ಇದ್ದರೆ ಬಿಡಿ.

ಈ ಕಡಿತ ಈಗ ಯಾರಿಗೆ ಲಾಭ ಕೊಡುತ್ತದೆ? ದೊಡ್ಡ ಸಂಬಳ, ದೊಡ್ಡ ಸಾಲ, ಜೊತೆಗೆ ಮನೆ ಬಾಡಿಗೆಯಂಥ ಬೇರೆ ಕಡಿತವೂ ಇರುವವರಿಗೆ. ವಿದೇಶದಲ್ಲಿ ಓದಲು ಇಲ್ಲಿನ ಬ್ಯಾಂಕಿನಿಂದ ಸಾಲ ಪಡೆದು, ವಾಪಸ್ ಬಂದು ಬೆಂಗಳೂರಿನಲ್ಲಿ 18 ಲಕ್ಷ ಸಂಬಳಕ್ಕೆ ಸೇರಿದವರನ್ನು ತಗೊಳ್ಳಿ. ವರ್ಷಕ್ಕೆ ಬಡ್ಡಿ 3 ಲಕ್ಷ. ಬಾಡಿಗೆ ಭತ್ಯೆಯ ವಿನಾಯಿತಿ 2.4 ಲಕ್ಷ, 80ಸಿ 1.5 ಲಕ್ಷ, ಆರೋಗ್ಯ ವಿಮೆ 25 ಸಾವಿರ. ಇವರಿಗೆ ಹೊಸ ಪದ್ಧತಿಯಲ್ಲಿ ತೆರಿಗೆ 1,50,800. ಹಳೆಯದರಲ್ಲಿ ಇವೆಲ್ಲ ಕಳೆದು ಉಳಿಯುವ ಆದಾಯ 10.35 ಲಕ್ಷ, ತೆರಿಗೆ 1,27,920. ಹಳೆಯದರಲ್ಲಿ 22,880 ಉಳಿತಾಯ. ಇದೇ ವ್ಯಕ್ತಿಯ ಬಡ್ಡಿ 2.25 ಲಕ್ಷಕ್ಕೆ ಇಳಿದಿದ್ದರೆ ಎರಡೂ ಹೆಚ್ಚುಕಡಿಮೆ ಸಮ. ಸ್ವಂತ ಮನೆಯಲ್ಲಿದ್ದು ಬಾಡಿಗೆ ಇಲ್ಲದಿದ್ದರೆ ಹೊಸದೇ ಮೇಲು. ನೋಡಿ, 3 ಲಕ್ಷ ಬಡ್ಡಿ ಕಟ್ಟಿದವರ ಲಾಭವೇ ಇಷ್ಟು. ನಿಮ್ಮ 74 ಸಾವಿರದಿಂದ ಪದ್ಧತಿ ಬದಲಿಸುವಷ್ಟು ವ್ಯತ್ಯಾಸ ಬರುವುದು ಕಷ್ಟ.

ಇದರಿಂದ ಒಂದು ವಿಷಯ ಹೊರಡುತ್ತದೆ. "ಶಿಕ್ಷಣ ಸಾಲ ಬೇಗ ತೀರಿಸಬೇಡಿ, ತೆರಿಗೆ ಲಾಭ ಹೋಗುತ್ತದೆ" ಎಂದು ಯಾರಾದರೂ ಹೇಳಿದರೆ ನಿಮ್ಮ ವಿಷಯದಲ್ಲಿ ಅದು ಸುಳ್ಳು. ನಿಮಗೆ ತೆರಿಗೆ ಲಾಭವೇ ಇಲ್ಲದಿರುವಾಗ ಆ ಶೇ. 10 ಪೂರ್ತಿ ಶೇ. 10ರ ಖರ್ಚೇ. ಬೋನಸ್ ಬಂದಾಗ ಎಫ್‌ಡಿಗೆ ಹಾಕುವುದಕ್ಕಿಂತ ಅಸಲಿಗೆ ಕಟ್ಟುವುದು ಲಾಭ. ತುರ್ತಿಗೆ ಬೇಕಾಗುವಷ್ಟು ಮಾತ್ರ ಬದಿಗಿಟ್ಟುಕೊಳ್ಳಿ. ಕಟ್ಟುವಾಗ ಹಣ ಅಸಲಿಗೇ ಹೋಯಿತೇ, ಅಥವಾ ಮುಂದಿನ ಕಂತುಗಳ ಮುಂಗಡವಾಗಿ ಕುಳಿತಿತೇ ಎಂಬುದನ್ನು ಸ್ಟೇಟ್‌ಮೆಂಟ್‌ನಲ್ಲಿ ನೋಡಿಕೊಳ್ಳಿ.

ಆದರೂ ಸಂಬಳ ಏರಿ, ಬಾಡಿಗೆಯೂ ಏರಿ, ಒಂದು ವರ್ಷ ಹಳೆ ಪದ್ಧತಿ ನಿಮಗೆ ಲಾಭವಾಗಬಹುದು. ಸಂಬಳದಾರರು ಪ್ರತಿ ವರ್ಷ ಬೇಕಾದದ್ದನ್ನು ಆರಿಸಿಕೊಳ್ಳಬಹುದು, ಒಮ್ಮೆ ಹೊಸದಕ್ಕೆ ಹೋದರೆ ವಾಪಸ್ ಬರಲಾಗದು ಎಂಬುದು ಅವರಿಗೆ ಅನ್ವಯಿಸುವುದಿಲ್ಲ. ಒಂದೇ ಷರತ್ತು: ರಿಟರ್ನ್ ಗಡುವಿನೊಳಗೆ ಹೋಗಬೇಕು. ತಡವಾಗಿ ಹಾಕಿದರೆ ಹೊಸ ಪದ್ಧತಿಯೇ ಗತಿ, 80ಇ ಆ ವರ್ಷಕ್ಕೆ ಇಲ್ಲ, ಗಡಿಯಾರ ಮಾತ್ರ ಓಡಿರುತ್ತದೆ. ಅಂದಹಾಗೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, "ತೆರಿಗೆ ವರ್ಷ" ಎಂಬ ಹೊಸ ಮಾತು ಬಂದಿದೆ. ನೀವು ಈಗ ಹಾಕುವ 2025-26ರ ರಿಟರ್ನ್ ಮಾತ್ರ ಹಳೇ ಕಾಯ್ದೆಯ ಪ್ರಕಾರವೇ.

ಕಡಿತ ಕೇಳುವ ವರ್ಷ ಬಂದಾಗ ರಿಟರ್ನ್ ಫಾರಂ ಈಗ ಮೊದಲಿನಂತೆ ಬರೀ ಒಂದು ಮೊತ್ತ ಕೇಳಿ ಸುಮ್ಮನಾಗುವುದಿಲ್ಲ. ಸಾಲ ಕೊಟ್ಟವರ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ, ಒಟ್ಟು ಸಾಲ, ಮಾರ್ಚ್ 31ಕ್ಕೆ ಉಳಿದ ಬಾಕಿ, ಆ ವರ್ಷದ ಬಡ್ಡಿ, ಎಲ್ಲ ಕೇಳುತ್ತದೆ. ಇಲ್ಲಿ ನಿಮ್ಮ ಮಂಜೂರಾತಿ ದಿನಾಂಕ 2020 ಎಂದಿರುತ್ತದೆ. 2030ರಲ್ಲಿ ಕಡಿತ ಕೇಳಿದರೆ "ಎಂಟು ವರ್ಷ ಕಳೆಯಿತಲ್ಲ" ಎಂದು ನೋಟಿಸ್ ಬರಲೂಬಹುದು. ಆಗ ಉತ್ತರ ಕೊಡಲು ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ಸಾಲದು, ಏಕೆಂದರೆ ಅದರಲ್ಲಿ ನಿಮ್ಮಿಬ್ಬರ ಹೆಸರೂ ಇರುತ್ತದೆ, ಯಾರು ಕಟ್ಟಿದರು ಎಂಬುದು ಇರುವುದಿಲ್ಲ. ಬೇಕಾಗುವುದು 2020ರಿಂದ 2025ರವರೆಗಿನ ನಿಮ್ಮ ತಂದೆಯವರ ಸಂಬಳದ ಖಾತೆಯ ಸ್ಟೇಟ್‌ಮೆಂಟ್, ಮತ್ತು ಮಾರ್ಚ್ 2025ರ ನಿಮ್ಮ ಖಾತೆಯದು. ಹಳೇ ಸ್ಟೇಟ್‌ಮೆಂಟ್ ಹತ್ತು ವರ್ಷದ ನಂತರ ಹುಡುಕುವುದು ಕಷ್ಟ. ಮುಂದಿನ ಸಲ ದಾವಣಗೆರೆಗೆ ಹೋದಾಗ ಅಪ್ಪನ ಜೊತೆ ಕೂತು ಆ ಐದು ವರ್ಷದ್ದನ್ನು ಇಳಿಸಿಕೊಂಡು, ಸಾಲ ಮಂಜೂರಾತಿ ಪತ್ರದ ಜೊತೆಗೇ ಇಟ್ಟುಕೊಳ್ಳಿ.